ಗೃಹಸ್ಥರ ಲೆಕ್ಕ: ನೂರಕ್ಕೆ 12 ಎಂಬ ಸಾಲ

ಒಂದು ಲಕ್ಷ ರೂಪಾಯಿ ಸಾಲ. ಒಂದು ವರ್ಷದ ವಾಯಿದೆ. 'ಫ್ಲಾಟ್' ಬಡ್ಡಿ ನೂರಕ್ಕೆ 12. ಹೀಗೊಂದು ಪತ್ರವು ವಾಚಕರ ಕೈಸೇರಿದೆಯೆಂದು ಭಾವಿಸೋಣ. ಬಡ್ಡಿ 12,000 ಸೇರಿ ತಿಂಗಳ ಕಂತು 9,333 ರೂಪಾಯಿ. ಪ್ರೊಸೆಸಿಂಗ್ ಶುಲ್ಕ 2,000, ಅದರ ಮೇಲಣ ತೆರಿಗೆ 360. ಇವನ್ನು ಮೊದಲೇ ಹಿಡಿದುಕೊಳ್ಳುವುದರಿಂದ ಕೈಗೆ ಬರುವುದು 97,640 ಮಾತ್ರ.

ಮರ್ಮವಿರುವುದು ಇಲ್ಲಿ. ಅಸಲು ತಿಂಗಳು ತಿಂಗಳೂ ತೀರುತ್ತಿದ್ದರೂ ಬಡ್ಡಿಯನ್ನು ಇಡೀ ಲಕ್ಷಕ್ಕೆ ವರ್ಷಪೂರ್ತಿ ಹಾಕಿರುವರು. ಮೊದಲ ತಿಂಗಳು ಹಣದ 12 ಪಾಲೂ ನಮ್ಮಲ್ಲಿರುವುದು. ಕಡೆಯ ತಿಂಗಳು ಒಂದೇ ಪಾಲು. ಸರಾಸರಿ ಆರೂವರೆ ಪಾಲು. 97,640ರಲ್ಲಿ ಅದು ಸುಮಾರು 52,900. ಇಷ್ಟನ್ನು ವರ್ಷವೊಂದು ಬಳಸಿದ್ದಕ್ಕೆ ನಾವು ತೆತ್ತದ್ದು ಬಡ್ಡಿ, ಶುಲ್ಕ, ತೆರಿಗೆ ಸೇರಿ 14,360; ಎಂದರೆ ನೂರಕ್ಕೆ 27. ಆರಂಭದ ಕಂತುಗಳಲ್ಲಿ ಅಸಲು ಕಡಿಮೆ ತೀರುವುದರಿಂದ ಈ ಸ್ಥೂಲ ಲೆಕ್ಕವು ತುಸು ಹೆಚ್ಚು; ಸೂಕ್ಷ್ಮವಾಗಿ ನೋಡಿದರೆ ಸುಮಾರು 26.

ಆದಕಾರಣ, ಉಳಿದ ಅಸಲಿಗೆ ಮಾತ್ರ ನೂರಕ್ಕೆ 18ರಂತೆ ಬಡ್ಡಿ ಹಾಕುವ, ಶುಲ್ಕವಿಲ್ಲದ ಸಾಲವು ಇದಕ್ಕಿಂತ ಅಗ್ಗವೇ ಸರಿ. ಅದರ ಕಂತು 9,168 ರೂಪಾಯಿ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂತಹ ಹೊಸ ಸಾಲಗಳ ಮುಖ್ಯಾಂಶ ಪತ್ರದಲ್ಲಿ ಶುಲ್ಕ ಸೇರಿದ ವಾರ್ಷಿಕ ದರವನ್ನು ಕಾಣಿಸಬೇಕು. ಸಹಿಗೆ ಮೊದಲು ವಾಚಕರು ಆ ಅಂಕಿಯನ್ನೇ ನೋಡತಕ್ಕದ್ದು.