ಪರೀಕ್ಷೆಯ ಸಂದೇಶಕ್ಕೆ ಬೀಗ ಎಲ್ಲಿರಬೇಕು?

2023ರ ಅಕ್ಟೋಬರ್ 12ರಂದು ಕರ್ನಾಟಕದಾದ್ಯಂತ ಮೊಬೈಲ್‌ಗಳು ಜೋರಾಗಿ ಸದ್ದು ಮಾಡಿದವು. ಪರದೆಯ ಮೇಲೆ ಬಂದದ್ದು ದೂರಸಂಪರ್ಕ ಇಲಾಖೆಯ ಮಾದರಿ ತುರ್ತು ಸಂದೇಶ. ಇದು ಪರೀಕ್ಷೆ, ಯಾವ ಕ್ರಮವೂ ಬೇಕಿಲ್ಲ ಎಂದು ಅದರಲ್ಲೇ ಬರೆದಿತ್ತು. ಸೆಲ್ ಬ್ರಾಡ್‌ಕಾಸ್ಟ್ ಸಂದೇಶ ಟವರ್‌ನಿಂದ ಹೊರಟು ಆ ಪ್ರದೇಶದ ಎಲ್ಲ ಫೋನುಗಳಿಗೂ ತಲುಪುತ್ತದೆ. ಅಲ್ಲಿ ನಂಬರುಗಳ ಪಟ್ಟಿಯೇ ಇಲ್ಲ. ಹಾಗಾಗಿ ಜನರಿಗೆ ಮೊದಲೇ ತಿಳಿಸಿ, ಜನರ ಮೇಲೆಯೇ ಪರೀಕ್ಷಿಸಬೇಕಾಯಿತು.

ತೊಕ್ಕೊಟ್ಟಿನ ಯಾವುದೋ ಒಂದು ಬಟ್ಟೆ ಅಂಗಡಿಗೆ ಆ ಅನಿವಾರ್ಯತೆ ಇಲ್ಲ. ಅದರ ಬಳಿ ಇರುವುದೇ ಪಟ್ಟಿ. ಆದರೂ 'ಟೆಸ್ಟ್ 123' ಎಂಬಂಥ ಸಂದೇಶಗಳು ಗ್ರಾಹಕರಿಗೆ ಹೋಗಿಬಿಡುತ್ತವೆ. 2021ರ ಜೂನ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್‌ನಂಥ ದೊಡ್ಡ ಸಂಸ್ಥೆಯಿಂದಲೂ ಖಾಲಿ ಪರೀಕ್ಷಾ ಇಮೇಲ್ ನಿಜವಾದ ಚಂದಾದಾರರಿಗೆ ಹೋಗಿತ್ತು. ಇಂಥ ಎಡವಟ್ಟಾದಾಗ ಬಟನ್ ಒತ್ತಿದ ಹುಡುಗನನ್ನು ಬೈಯುವುದು ವಾಡಿಕೆ. ನನ್ನ ಪ್ರಕಾರ ತಪ್ಪು ಅವನದಲ್ಲ. ಒಂದು ಬಟನ್‌ನಿಂದ ಗ್ರಾಹಕರ ಇಡೀ ಪಟ್ಟಿಗೆ ಸಂದೇಶ ಹೋಗುವಂತೆ ವ್ಯವಸ್ಥೆ ಇಟ್ಟುಕೊಂಡದ್ದೇ ತಪ್ಪು.

ಒಂದು ಉದಾಹರಣೆ ನೋಡೋಣ. ಅಂಗಡಿಯಲ್ಲಿ 4,000 ಗ್ರಾಹಕರ ನಂಬರುಗಳಿವೆ. ಹಬ್ಬದ ರಿಯಾಯಿತಿಯ ಎಸ್ಸೆಮ್ಮೆಸ್ ಬೆಳಿಗ್ಗೆ 10.30ಕ್ಕೆ ಹೋಗುವಂತೆ ಶೆಡ್ಯೂಲ್ ಮಾಡಬೇಕು. ಹಲವರು ಕಳೆದ ವರ್ಷದ ಕ್ಯಾಂಪೇನ್ ಕಾಪಿ ಮಾಡಿ, ಬರಹ ತಿದ್ದಿ, ಪರೀಕ್ಷೆಗೆಂದು ಕಳಿಸುತ್ತಾರೆ. ಕಾಪಿಯ ಜೊತೆಗೆ ಹಳೆಯ ಗ್ರಾಹಕರ ಪಟ್ಟಿಯೂ ಬಂದಿರುತ್ತದೆ ಎಂಬುದು ಗಮನಕ್ಕೆ ಬಂದಿರುವುದಿಲ್ಲ. ಅದಕ್ಕಾಗಿ ಪರೀಕ್ಷೆಗೆ ಬೇರೆಯೇ ಖಾತೆ ಬೇಕು, ಅದರೊಳಗೆ ಮಾಲೀಕರ, ಸಿಬ್ಬಂದಿಯ, ಒಪ್ಪಿಕೊಂಡ ಮನೆಯವರ ಹತ್ತು ನಂಬರುಗಳು ಮಾತ್ರ ಇರಬೇಕು. ಮನಸ್ಸಿಗೆ ಬಂದ ಹತ್ತು ಅಂಕಿಗಳನ್ನು ಬರೆಯಬಾರದು. ಆ ನಂಬರ್ ಯಾರದ್ದೋ ಆಗಿರಬಹುದು.

ಈ ಹತ್ತು ನಂಬರುಗಳನ್ನು ಆರಿಸುವುದರಲ್ಲೂ ವಿವೇಚನೆ ಬೇಕು. ಕನ್ನಡದ ಎಸ್ಸೆಮ್ಮೆಸ್ ಒಂದಕ್ಕೆ 70 ಚಿಹ್ನೆಗಳ ಮಿತಿ, ಕಾಗುಣಿತದ ಗುರುತುಗಳನ್ನೂ ಸೇರಿಸಿ. ನೋಡಲು ಮೂರೇ ಅಕ್ಷರವಿರುವ 'ತೊಕ್ಕೊಟ್ಟು' ಅಲ್ಲಿ ಹತ್ತು ಚಿಹ್ನೆ. ಗ್ರಾಹಕರ ಹೆಸರು ಬಿಟ್ಟು ಸಂದೇಶ 60 ಚಿಹ್ನೆಯಿದ್ದರೆ, 'ರವಿ' ಸೇರಿ 63 ಆಗುತ್ತದೆ, ಒಂದೇ ಸಂದೇಶದಲ್ಲಿ ಮುಗಿಯುತ್ತದೆ. 'ಫಾತಿಮತ್ ಝೊಹರಾ' ಸೇರಿದರೆ 73. ಅದು ಎರಡು ಭಾಗವಾಗಿ, ಖರ್ಚೂ ಎರಡರಷ್ಟಾಗುತ್ತದೆ. ಮಾಲೀಕರ ಫೋನಿನಲ್ಲಿ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ಹಾಗಾಗಿ ಪರೀಕ್ಷಾ ಪಟ್ಟಿಯಲ್ಲಿ ಉದ್ದದ ಹೆಸರೊಂದು, ಹೆಸರೇ ಇಲ್ಲದ ನಂಬರೊಂದು, ಹಳೆಯ ಕೀಪ್ಯಾಡ್ ಫೋನೊಂದು ಇರಲಿ.

ಇನ್ನು ಸಮಯ. 'ಈಗಲೇ ಕಳಿಸು' ಒತ್ತಿ ನೋಡಿದರೆ ಬರಹದ ಪರೀಕ್ಷೆಯಾಯಿತು, ಶೆಡ್ಯೂಲ್‌ನದ್ದಲ್ಲ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದ್ದರೆ 10.30ಕ್ಕೆ ಇಟ್ಟ ಸಂದೇಶ ನಮ್ಮ ಸಂಜೆ 4ಕ್ಕೆ ಬರುತ್ತದೆ. ಸಂಜೆ 6.30ಕ್ಕೆ ಇಟ್ಟಿದ್ದರೆ ಅದು ನಡುರಾತ್ರಿಯಾಗುತ್ತದೆ. ಪ್ರಚಾರದ ಸಂದೇಶಕ್ಕೆ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಮಾತ್ರ ಅವಕಾಶವಿರುವುದರಿಂದ ಅದು ತಲುಪದೆಯೂ ಹೋಗಬಹುದು. ಪರೀಕ್ಷಾ ಪಟ್ಟಿಗೆ ಹದಿನೈದು ನಿಮಿಷ ಮುಂದಿನ ಸಮಯ ಇಟ್ಟು, ಕಂಪ್ಯೂಟರ್ ಮುಚ್ಚಿ ಕಾಯಬೇಕು. ಹೇಳಿದ ಹೊತ್ತಿಗೆ ಬಂತೇ, ಒಬ್ಬರಿಗೆ ಒಂದೇ ಸಲ ಬಂತೇ ಎಂದು ನೋಡಬೇಕು. ಆಮೇಲೆ ಇನ್ನೊಂದನ್ನು ಶೆಡ್ಯೂಲ್ ಮಾಡಿ, ರದ್ದು ಮಾಡಿ, ಏನೂ ಬರಲಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಇಷ್ಟಾದರೂ ಪಟ್ಟಿ ಆರಿಸುವ ಕೈ ಒಮ್ಮೆಯಾದರೂ ತಪ್ಪುತ್ತದೆ. ಆದ್ದರಿಂದ ಬೀಗ ಇರಬೇಕಾದದ್ದು ಸಂದೇಶ ಹೊರಹೋಗುವ ಕೊನೆಯ ಹಂತದಲ್ಲಿ. ಪರೀಕ್ಷಾ ಖಾತೆಯಿಂದ ಹೊರಡುವ ಪ್ರತಿ ಸಂದೇಶದ ನಂಬರನ್ನೂ ಆ ಹತ್ತು ನಂಬರುಗಳ ಅನುಮತಿ ಪಟ್ಟಿಯೊಂದಿಗೆ ತಾಳೆ ನೋಡಿ, ಅದರಲ್ಲಿಲ್ಲದ್ದನ್ನು ತಡೆದು ದಾಖಲಿಸಬೇಕು. ಇದನ್ನು ಎಸ್ಸೆಮ್ಮೆಸ್ ಸೇವೆ ಕೊಡುವ ಏಜೆನ್ಸಿಯಿಂದ ಕೇಳಿ ಪಡೆಯುವುದು ಗ್ರಾಹಕನಾದ ಅಂಗಡಿಯವನ ಹಕ್ಕು. ಬೀಗ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದೂ ಸುಲಭ. ಮಾಲೀಕರ ಎರಡನೇ ಸಿಮ್‌ನ ನಂಬರನ್ನು ಅನುಮತಿ ಪಟ್ಟಿಯಲ್ಲಿ ಹಾಕದೆ ಕ್ಯಾಂಪೇನ್‌ನಲ್ಲಿ ಮಾತ್ರ ಸೇರಿಸಿ ಕಳಿಸಿ. ಆ ಸಿಮ್‌ಗೆ ಸಂದೇಶ ಬರಬಾರದು, ದಾಖಲೆಯಲ್ಲಿ 'ತಡೆಯಲಾಗಿದೆ' ಎಂದಿರಬೇಕು. ಬಂದರೆ, ಬೀಗವೇ ಇಲ್ಲ ಎಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು.

ಹತ್ತು ನಂಬರುಗಳ ಪಟ್ಟಿ ತೋರಿಸದ ಸಂಗತಿಯೂ ಒಂದಿದೆ: ನಾಲ್ಕು ಸಾವಿರ ಸಂದೇಶ ಒಟ್ಟಿಗೆ ಹೊರಟಾಗ ಏನಾಗುತ್ತದೆ ಎಂಬುದು. ಅದಕ್ಕೆ ನಿಜವಾದ ಸಂದೇಶವನ್ನೇ ಮೊದಲು ಐವತ್ತು ಜನರಿಗೆ ಕಳಿಸಿ, ತಲುಪಿದ ವರದಿ ನೋಡಿ, ಅರ್ಧ ಗಂಟೆಯ ಬಳಿಕ ಉಳಿದವರಿಗೆ ಬಿಡುವುದು ಸರಿ. ಆ ಐವತ್ತು ಮಂದಿಗೆ ಸಿಗುವುದು ಪರೀಕ್ಷೆಯ ಸಂದೇಶವಲ್ಲ, ಹಬ್ಬದ ರಿಯಾಯಿತಿಯ ಸುದ್ದಿಯೇ.