ಕನ್ನಡ ಒತ್ತಿದರೆ ಮೊಬೈಲು ಕೆಡುವುದಿಲ್ಲ, ವಾಪಸ್ ಬರುವ ದಾರಿ ಗೊತ್ತಿರಬೇಕು!

ಕನ್ನಡದ ಯುವಕರೇ, ಯುವತಿಯರೇ,

ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ಒಮ್ಮೆ ಹೊರಗೆ ತೆಗೆಯಿರಿ. ಅಂಗಡಿಯ ಬೋರ್ಡು ಕನ್ನಡದಲ್ಲಿರಬೇಕು, ಬಸ್ಸಿನ ಬೋರ್ಡು ಕನ್ನಡದಲ್ಲಿರಬೇಕು ಎಂದು ನವೆಂಬರಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತೀರಿ. ದಿನಕ್ಕೆ ನೂರು ಸಲ ನೋಡುವ ಈ ಅಂಗೈಯಗಲದ ಬೋರ್ಡು ಯಾವ ಭಾಷೆಯಲ್ಲಿದೆ? ನನ್ನ ಪ್ರೆಸ್ಸಿಗೆ ಕರಪತ್ರ ಅಚ್ಚು ಹಾಕಿಸಲು ಬರುವ ಹುಡುಗರನ್ನು ಹೀಗೆ ಕೇಳಿದರೆ ಹತ್ತರಲ್ಲಿ ಎಂಟು ಮಂದಿಯ ಉತ್ತರ ಒಂದೇ: "ಒಂದ್ಸಲ ಹಾಕಿದ್ದೆ ಸಾರ್, ಏನೋ ಎಡವಟ್ಟಾಯ್ತು, ವಾಪಸ್ ಇಂಗ್ಲಿಷಿಗೇ ಬಂದ್ಬಿಟ್ಟೆ."

ಆ ಎಡವಟ್ಟು ಏನು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಅದೇ ಎಡವಟ್ಟು ನಮ್ಮ ಪ್ರೆಸ್ಸಿನ ಒಂದು ಮನೆಯಲ್ಲಿ ಸರಿಪಡಿಸಲಾಗದ ನಷ್ಟ ಮಾಡಿತು.

ನಮ್ಮ ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗನಿದ್ದಾನೆ. ಅವನ ತಾಯಿ ಏಳನೇ ಕ್ಲಾಸು ಓದಿದವರು, ಕನ್ನಡ ಪೇಪರನ್ನು ಸರಾಗವಾಗಿ ಓದುತ್ತಾರೆ. ಅವರ ಮೊಬೈಲು ಮಾತ್ರ ಇಂಗ್ಲಿಷಿನಲ್ಲಿತ್ತು. ಏನು ಬಂದರೂ ಮಗನ ಮುಂದೆ ಹಿಡಿಯಬೇಕು. ಕಳೆದ ರಾಜ್ಯೋತ್ಸವದ ದಿನ ಮಗನಿಗೆ ಹುಮ್ಮಸ್ಸು ಬಂತು. ಕೆಲಸಕ್ಕೆ ಹೊರಡುವ ಆತುರದಲ್ಲೇ ಭಾಷೆಯ ಪಟ್ಟಿ ತೆರೆದ. ಆ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ. ಕನ್ನಡದ ಮೇಲಿನ ಸಾಲು ಸಾಮಾನ್ಯವಾಗಿ ತೆಲುಗು, ಕೆಳಗಿನ ಸಾಲು ಮಲಯಾಳ. ಬೆರಳು ಒಂದು ಸಾಲು ಜಾರಿತು. ಕೇಳಿದ ಪ್ರಶ್ನೆಯನ್ನು ಓದದೆ ಗುಂಡಿ ಒತ್ತಿದ. ಮೊಬೈಲಿಗೆ ಮೊಬೈಲೇ ಮಲಯಾಳವಾಯಿತು. "ಸಂಜೆ ಬಂದು ಸರಿಮಾಡ್ತೀನಮ್ಮ" ಎಂದು ಹೊರಟುಬಂದ.

ತಾಯಿ ಸಂಜೆಯವರೆಗೆ ಕಾಯಲಿಲ್ಲ. ಬೀದಿಯ ತುದಿಯ ಮೊಬೈಲ್ ಅಂಗಡಿಗೆ ಹೋದರು. ಅಲ್ಲಿದ್ದವನಿಗೂ ಮಲಯಾಳ ಬಾರದು. "ರಿಸೆಟ್ ಹೊಡೆದ್ರೆ ಸರಿಹೋಗುತ್ತೆ" ಎಂದ. ಫೋನು ಲಾಕಿನ ನಂಬರ್ ಕೇಳಿತು, ಭಾಷೆ ಬದಲಿಸಲು ಇರಬೇಕೆಂದು ತಾಯಿ ಕೊಟ್ಟರು. ಹತ್ತು ನಿಮಿಷದಲ್ಲಿ ಮೊಬೈಲು ಹೊಸದರಂತೆ ಇಂಗ್ಲಿಷಿನಲ್ಲಿ ಎದ್ದಿತು. ಒಳಗಿದ್ದ ಎಲ್ಲ ಫೋಟೋಗಳೂ ಹೋಗಿದ್ದವು. ಹಿಂದಿನ ವರ್ಷ ತೀರಿಕೊಂಡ ಯಜಮಾನರ ಫೋಟೋಗಳು ಬೇರೆಲ್ಲೂ ಇರಲಿಲ್ಲ.

ಅರ್ಧ ನಿಮಿಷದ ಕೆಲಸಕ್ಕೆ ಇಷ್ಟು ಬೆಲೆ! ಈಗ ಆ ತಾಯಿ ಕನ್ನಡ ಹಾಕಿಕೊಡುತ್ತೇನೆಂದರೆ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಅವರನ್ನು ದೂರುವುದು ಹೇಗೆ? ಕನ್ನಡ ಹಾಕಿ ಎಂದು ಹೇಳುವ ನಾವು, ತಪ್ಪಿದರೆ ವಾಪಸ್ ಬರುವ ದಾರಿಯನ್ನು ಯಾರಿಗೆ ಹೇಳಿಕೊಟ್ಟಿದ್ದೇವೆ?

ಈಗ ಹೇಳುತ್ತೇನೆ, ಗಮನವಿಟ್ಟು ಓದಿ. ನಾನು ಹೇಳುವುದು ಆಂಡ್ರಾಯ್ಡ್ ಫೋನಿನ ಮಾತು. ಅದರಲ್ಲಿ 2014ರಿಂದಲೇ ಕನ್ನಡವಿದೆ. ಅಂದರೆ ಇಷ್ಟು ವರ್ಷಗಳಿಂದ ಕನ್ನಡ ನಿಮ್ಮ ಜೇಬಿನಲ್ಲೇ ಕಾಯುತ್ತಾ ಕುಳಿತಿದೆ.

ಮೊದಲು ಹೋಗುವ ದಾರಿ. ಹಲ್ಲುಚಕ್ರದ ಗುರುತಿನ Settings ತೆರೆಯಿರಿ. ಹಲವು ಫೋನುಗಳಲ್ಲಿ ಕೆಳಗಡೆ System ಇರುತ್ತದೆ, ಅದರೊಳಗೆ Languages. ಸ್ಯಾಮ್ಸಂಗ್ ಫೋನಾದರೆ General management, ಅದರೊಳಗೆ Language. ಅಲ್ಲಿ ಕೂಡಿಸುವ ಗುರುತು + ಕಾಣುತ್ತದೆ. ಅದನ್ನು ಒತ್ತಿದರೆ ಪಟ್ಟಿ ಬರುತ್ತದೆ. ಕನ್ನಡವನ್ನು ಆರಿಸಿದ ಮೇಲೆ ಕೆಲವು ಫೋನು "ಇದನ್ನೇ ಮುಖ್ಯ ಭಾಷೆ ಮಾಡಲೇ?" ಎಂದು ಕೇಳುತ್ತವೆ. ಕೆಲವು ಕೇಳದೆ ಕನ್ನಡವನ್ನು ಎರಡನೇ ಸಾಲಿನಲ್ಲಿಟ್ಟು ಸುಮ್ಮನಾಗುತ್ತವೆ. ಆಗ ಆ ಸಾಲಿನ ತುದಿಯಲ್ಲಿರುವ ಅಡ್ಡಗೆರೆಗಳ ಗುರುತನ್ನು ಬೆರಳಿನಿಂದ ಹಿಡಿದು ಮೊದಲನೇ ಸಾಲಿಗೆ ಎಳೆಯಬೇಕು. ಎಷ್ಟೋ ಹುಡುಗರು ಇದೊಂದನ್ನು ಮಾಡದೆ, "ಕನ್ನಡ ಸೇರಿಸಿದೆ, ಏನೂ ಆಗಲಿಲ್ಲ" ಎಂದು ಬಿಟ್ಟುಬಿಟ್ಟಿದ್ದಾರೆ.

ಹೋಗುವಾಗಲೇ ಒಂದು ಚೀಟಿ ಬರೆದುಕೊಳ್ಳಿ: ಹಲ್ಲುಚಕ್ರ, ಕೆಳಗಿನಿಂದ ಎಷ್ಟನೇ ಸಾಲು, ಆ ಸಾಲಿನ ಪಕ್ಕದ ಗುರುತು ಯಾವುದು, ಒಳಗೆ ಮೇಲಿನಿಂದ ಎಷ್ಟನೇ ಸಾಲು. ಭಾಷೆ ಬದಲಾದಾಗ ಅಕ್ಷರ ಮಾತ್ರ ಬದಲಾಗುತ್ತದೆ. ಸಾಲುಗಳು ಇದ್ದ ಜಾಗದಲ್ಲೇ ಇರುತ್ತವೆ, ಗುರುತುಗಳೂ ಅವೇ. ನಮ್ಮಪ್ಪನ ಕಾಲದಲ್ಲಿ ಮೊಳೆ ಜೋಡಿಸುವವರು ಕೇಸಿನ ಕಡೆ ಕಣ್ಣು ಹಾಯಿಸದೆ ಬೇಕಾದ ಅಕ್ಷರದ ಮನೆಗೇ ಕೈ ಹಾಕುತ್ತಿದ್ದರು. ಓದಿ ಹುಡುಕುತ್ತಿರಲಿಲ್ಲ, ಜಾಗ ಗೊತ್ತಿತ್ತು. ಇಲ್ಲಿಯೂ ಅಷ್ಟೇ.

ಇನ್ನು ವಾಪಸ್ ಬರುವ ದಾರಿ. ಗೊತ್ತಿಲ್ಲದ ಭಾಷೆ ಬಂದುಬಿಟ್ಟಿತು ಎನ್ನಿ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಎಳೆದರೆ ಮೂಲೆಯಲ್ಲಿ ಹಲ್ಲುಚಕ್ರ ಸಿಗುತ್ತದೆ. ಉರ್ದು, ಅರಬ್ಬಿಯಂಥ ಬಲದಿಂದ ಎಡಕ್ಕೆ ಬರೆಯುವ ಭಾಷೆ ಬಿದ್ದಿದ್ದರೆ ಪರದೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಬಲಗಡೆ ಇದ್ದದ್ದು ಎಡಕ್ಕೆ ಹೋಗಿರುತ್ತದೆ. ಫೋನು ಕೆಟ್ಟಿಲ್ಲ, ಗಾಬರಿ ಬೇಡ. ಚೀಟಿಯಲ್ಲಿ ಬರೆದ ಸಾಲುಗಳನ್ನು ಎಣಿಸಿಕೊಂಡು ಭಾಷೆಯ ಪಟ್ಟಿಗೆ ಹೋಗಿ. ಅಲ್ಲಿ ಎಲ್ಲ ಗೋಜಲೂ ಮುಗಿಯುತ್ತದೆ. ಫೋನು ಯಾವ ಭಾಷೆಯಲ್ಲಿದ್ದರೂ ಆ ಪಟ್ಟಿಯಲ್ಲಿ ಕನ್ನಡ "ಕನ್ನಡ" ಎಂದೇ ಇರುತ್ತದೆ, ಇಂಗ್ಲಿಷು English ಎಂದೇ ಇರುತ್ತದೆ. ಬೇಕಾದದ್ದನ್ನು ಹಿಡಿದು ಮೊದಲನೇ ಸಾಲಿಗೆ ಎಳೆಯಿರಿ. ಚೀಟಿ ಇಲ್ಲದಿದ್ದರೆ ಅದೇ ಕಂಪನಿಯ, ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ಫೋನು ತಂದು ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ಓದಿ, ಇದರಲ್ಲಿ ಅದೇ ಸಾಲು ಒತ್ತಿ.

ಒಂದು ಎಚ್ಚರಿಕೆ! ಭಾಷೆಯ ಸಾಲು ಇರುವ ಪುಟದಲ್ಲೇ, ಕೆಳಭಾಗದಲ್ಲಿ ರಿಸೆಟ್ ಸಾಲೂ ಇರುತ್ತದೆ. ಕಣ್ಣು ಮುಚ್ಚಿ ಸಿಕ್ಕಿದ್ದೆಲ್ಲ ಒತ್ತುತ್ತಾ ಹೋಗಬೇಡಿ. ಭಾಷೆ ಬದಲಿಸಲು ಫೋನು ಎಂದೂ ನಿಮ್ಮ ಲಾಕಿನ ನಂಬರ್ ಕೇಳುವುದಿಲ್ಲ. ಕೇಳಿತೆಂದರೆ ನೀವು ತಪ್ಪು ಬಾಗಿಲಲ್ಲಿ ನಿಂತಿದ್ದೀರಿ, ತಕ್ಷಣ ಹಿಂದಕ್ಕೆ ಬನ್ನಿ. ಅಂಗಡಿಯವನು "ರಿಸೆಟ್" ಎಂದ ಕ್ಷಣ ಮೊಬೈಲನ್ನು ಕೈಗೆ ತೆಗೆದುಕೊಳ್ಳಿ. ಆ ತಾಯಿಗೆ ಇದೊಂದು ಮಾತು ಗೊತ್ತಿದ್ದರೆ ಸಾಕಿತ್ತು.

ಇನ್ನೊಂದು ಸಂಗತಿಗೆ ಬರುತ್ತೇನೆ. ಇದು ನಮ್ಮ ಅರಿವಿಗೇ ಬಾರದೆ ನಡೆಯುತ್ತಿರುವ ಅನ್ಯಾಯ. "ಕನ್ನಡ ಹಾಕಿದ ಮೇಲೆ ಕೆಲವು ಆ್ಯಪ್‌ಗಳು ಹಿಂದಿಯಲ್ಲಿ ಬರುತ್ತವೆ, ಕನ್ನಡವೇ ಸರಿಯಿಲ್ಲ" ಎಂದು ದೂರುವವರಿದ್ದಾರೆ. ಸ್ವಾಮಿ, ತಪ್ಪು ಕನ್ನಡದ್ದಲ್ಲ, ಪಟ್ಟಿಯ ಎರಡನೇ ಸಾಲಿನದು! 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಫೋನು ಒಂದು ಭಾಷೆಯನ್ನಲ್ಲ, ಭಾಷೆಗಳ ಸರದಿಯನ್ನು ಇಟ್ಟುಕೊಳ್ಳುತ್ತದೆ. ಆ್ಯಪಿನಲ್ಲಿ ಕನ್ನಡ ಇದ್ದರೆ ಕನ್ನಡ ತೋರಿಸುತ್ತದೆ. ಇಲ್ಲದಿದ್ದರೆ ಸರದಿಯಲ್ಲಿ ಎರಡನೆಯದು ಯಾವುದೋ ಅದನ್ನು ನೋಡುತ್ತದೆ. ಫೋನು ಮಾರುವಾಗ ನಿಮ್ಮನ್ನು ಕೇಳದೆ ಯಾರೋ ಹಿಂದಿ ಸೇರಿಸಿಟ್ಟಿದ್ದರೆ, ಅದು ಎರಡನೇ ಸಾಲಿನಲ್ಲಿ ಕುಳಿತು, ಕನ್ನಡವಿಲ್ಲದ ಕಡೆಯಲ್ಲೆಲ್ಲ ಎದ್ದುಬರುತ್ತದೆ. ಹಿಂದಿ ಬೇಕಾದವರು ಧಾರಾಳವಾಗಿ ಇಟ್ಟುಕೊಳ್ಳಲಿ, ಅದು ಅವರ ಹಕ್ಕು. ಬೇಡವಾದವರು ಕನ್ನಡವನ್ನು ಒಂದನೇ ಸಾಲಿಗೆ, ತಮಗೆ ಓದಲು ಬರುವ ಭಾಷೆಯನ್ನು ಎರಡನೇ ಸಾಲಿಗೆ ಎಳೆದು, ಉಳಿದದ್ದನ್ನು ತೆಗೆದುಹಾಕಿ. ಇಂಗ್ಲಿಷು ಬಲ್ಲವರು ರೋಷಾವೇಶದಲ್ಲಿ ಅದನ್ನೂ ಕಿತ್ತುಹಾಕಬೇಡಿ. ಎರಡನೇ ಸಾಲಿನಲ್ಲಿ ಇರಲಿ, ದಾರಿ ತಪ್ಪಿದ ದಿನ ಅದೇ ನಿಮ್ಮ ಕೈಹಿಡಿಯುತ್ತದೆ.

ಫೋನಿಡೀ ಕನ್ನಡ ಮಾಡಿದರೂ ಒಗ್ಗದ ಆ್ಯಪು ಒಂದೆರಡು ಇರಬಹುದು. ಅದಕ್ಕಾಗಿ ಇಡೀ ಫೋನನ್ನು ಇಂಗ್ಲಿಷಿಗೆ ಒಪ್ಪಿಸುವುದು ನೊಣ ಬಂತೆಂದು ಮನೆ ಬಿಟ್ಟಂತೆ! 2022ರ ಆಂಡ್ರಾಯ್ಡ್ 13ರಿಂದ ಅದೇ ಭಾಷೆಯ ಪುಟದ ಹತ್ತಿರ App languages ಎಂಬುದಿದೆ. ಅಲ್ಲಿ ಆ ಒಂದು ಆ್ಯಪಿಗೆ ಮಾತ್ರ ಬೇರೆ ಭಾಷೆ ಕೊಡಬಹುದು, ಬೇರೆಯವು ಕನ್ನಡದಲ್ಲೇ ಇರುತ್ತವೆ. ಹಾಗೆಯೇ ಫೋನು ಇಂಗ್ಲಿಷಿನಲ್ಲೇ ಇರಲಿ ಎನ್ನುವವರು ಆ್ಯಪನ್ನಷ್ಟೇ ಕನ್ನಡ ಮಾಡಬಹುದು. ಎಲ್ಲ ಆ್ಯಪೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ್ಯಪು ಮಾಡಿದವರು ಅವಕಾಶ ಕೊಟ್ಟಿದ್ದರೆ ಮಾತ್ರ ಉಂಟು. ಕೊಡದವರಿಗೆ ಪತ್ರ ಬರೆದು ಕೇಳಿ. ನಿಮ್ಮ ಕೂಗಿಗೆ ಸರಿಯಾದ ಜಾಗ ಅದು.

"ಆದರೆ ಸಾರ್, ಆ ಕನ್ನಡ ಪದಗಳೇ ಅರ್ಥವಾಗಲ್ಲ" ಎನ್ನುತ್ತೀರಿ. ಒಪ್ಪುತ್ತೇನೆ, ಕೆಲವು ಅನುವಾದ ನನಗೂ ನಗು ತರಿಸುತ್ತದೆ. ಆದರೆ ಎದೆ ಮುಟ್ಟಿಕೊಂಡು ಹೇಳಿ: ಮೊದಲ ಫೋನು ಹಿಡಿದ ದಿನ ನಿಮಗೆ ಅದರ ಇಂಗ್ಲಿಷು ಅರ್ಥವಾಗಿತ್ತೇ? ಒತ್ತಿ ಒತ್ತಿ ಕಲಿತಿರಿ. ಕನ್ನಡಕ್ಕೆ ಒಂದು ವಾರವೂ ಕೊಡದೆ ತೀರ್ಪು ಕೊಡುವುದು ಯಾವ ನ್ಯಾಯ? ಇನ್ನು ಅಂಕಿಗಳೂ ಬದಲಾಗಿ ಓಟಿಪಿ ಓದಲಾಗದು ಎಂದು ಹೆದರುವವರಿಗೆ: ಕನ್ನಡ ಹಾಕಿದರೂ ಫೋನಿನ ಅಂಕಿಗಳು 1, 2, 3 ಎಂದೇ ಇರುತ್ತವೆ.

ನಮ್ಮ ಬೈಂಡಿಂಗ್ ಹುಡುಗ ಹೋದ ತಿಂಗಳು ಕಟಿಂಗ್ ಮಷೀನಿನ ಪಕ್ಕದಲ್ಲಿ ಉಳಿದಿದ್ದ ರದ್ದಿ ಕಾಗದದ ತುಂಡಿನ ಮೇಲೆ ಆ ಸಾಲುಗಳ ಲೆಕ್ಕ ಬರೆದುಕೊಂಡ. ಮೊದಲು ಫೋಟೋಗಳನ್ನೆಲ್ಲ ಇನ್ನೊಂದು ಕಡೆ ಇಳಿಸಿಟ್ಟ. ಆಮೇಲೆ ತಾಯಿಯ ಎದುರಿಗೆ ಕುಳಿತು, ಬೇಕೆಂದೇ ಮಲಯಾಳ ಹಾಕಿ, ಅವರ ಬೆರಳಿನಿಂದಲೇ ವಾಪಸ್ ತರಿಸಿದ. ಮೂರು ಸಲ ಹಾಗೆ ಮಾಡಿಸಿದ. ನಾಲ್ಕನೇ ಸಲ ತಾಯಿಯೇ "ಇರಲಿ ಬಿಡು, ಈಗ ಕನ್ನಡ ಹಾಕು" ಎಂದರಂತೆ.

ಆ ಚೀಟಿ ಈಗ ಅವರ ಮೊಬೈಲಿನ ಕವರಿನೊಳಗಿದೆ. ನಿಮ್ಮ ಮನೆಯ ಮೊಬೈಲಿನಲ್ಲೂ ಒಂದನ್ನು ಇಡಿ. ಕನ್ನಡ ಬದಲಿಸುವುದು ಆಮೇಲೆ, ಮೊದಲು ಚೀಟಿ ಬರೆಯಿರಿ!