ಅಲಕ್ಷ್ಯವೋ, ಗಮನದ ತೊಡಕೋ?

ಕೆಲಸ ಬಾರದವನು ತಪ್ಪು ಮಾಡಿದರೆ ಮೇಲಿನವರು ಕಲಿಸಿಕೊಡುತ್ತಾರೆ. ಕೆಲಸ ಬಲ್ಲವನೇ ತಪ್ಪು ಮಾಡಿದರೆ ಅದನ್ನು ಅಲಕ್ಷ್ಯವೆಂದು ಬಗೆಯುತ್ತಾರೆ. ಗಮನದ ತೊಡಕುಳ್ಳ ನೌಕರರು ಸಿಕ್ಕಿಬೀಳುವುದು ಇಲ್ಲಿಯೇ. ಅವರ ಬುದ್ಧಿಯಲ್ಲಿ ಕೊರತೆಯಿಲ್ಲ. ಆ ಕಾರಣದಿಂದಲೇ ಅವರ ತಪ್ಪಿಗೆ ಕ್ಷಮೆಯೂ ಇಲ್ಲ.

ಮಾದಿಹಳ್ಳಿ ಹೋಬಳಿಯ ಕಡೆಯಿಂದ ನನ್ನಲ್ಲಿಗೆ ಬಂದ ತರುಣರೊಬ್ಬರು ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಸಂಘದ ಗುರುತು ಇಲ್ಲಿ ಬೇಡ. ಬೆಳೆಸಾಲದ ಅರ್ಜಿಗಳನ್ನು ತುಂಬುವುದು, ಪಹಣಿಯಿಂದ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ನಕಲು ಮಾಡುವುದು, ದಿನವಹಿ ಬರೆಯುವುದು ಅವರ ಕೆಲಸ. ಸದಸ್ಯರಲ್ಲಿ ಯಾರ ಹೊಲ ಎಲ್ಲಿದೆ, ಯಾರ ಸಾಲ ಯಾವಾಗ ತೀರಬೇಕು ಎಂಬುದನ್ನು ಕಡತ ನೋಡದೆ ಹೇಳಬಲ್ಲರು. ಆದರೆ ಅರ್ಜಿಯಲ್ಲಿ ಎಕರೆ ಬರೆದು ಗುಂಟೆ ಬಿಟ್ಟಿರುತ್ತಾರೆ, ವೋಚರಿಗೆ ದಿನಾಂಕ ಹಾಕಿರುವುದಿಲ್ಲ, ಬೀರುವಿನ ಬೀಗದ ಕೈ ಎಲ್ಲಿಟ್ಟೆನೆಂದು ಹುಡುಕುತ್ತಿರುತ್ತಾರೆ. ಕಾರ್ಯದರ್ಶಿಗಳು ಎರಡು ಬಾರಿ ಬಾಯಲ್ಲಿ ಎಚ್ಚರಿಸಿ, ಮೂರನೆಯ ಬಾರಿ ಕಾರಣ ಕೇಳಿ ನೋಟಿಸು ಕೊಟ್ಟಿದ್ದರು. ನೋಟಿಸನ್ನು ಜೇಬಿನಲ್ಲಿಟ್ಟುಕೊಂಡು ಅವರು ನನ್ನಲ್ಲಿ ಕೇಳಿದ್ದು ನೆನಪಿನ ಶಕ್ತಿಗೆ ಔಷಧ.

ನಾನು ಔಷಧಕ್ಕಿಂತ ಮೊದಲು ಒಂದು ನೋಟುಪುಸ್ತಕ ಇಡುವಂತೆ ಹೇಳಿದೆ. ಹದಿನೈದು ದಿನ, ತಿಳಿದುಬಂದ ಪ್ರತಿಯೊಂದು ತಪ್ಪಿಗೂ ಮೂರು ಸಂಗತಿ ಬರೆಯಬೇಕು: ಎಷ್ಟು ಹೊತ್ತಿನಲ್ಲಿ ಆಯಿತು, ಯಾವ ಕೆಲಸದಲ್ಲಿ ಆಯಿತು, ಅದಕ್ಕೆ ತುಸು ಮುಂಚೆ ಏನು ನಡೆದಿತ್ತು. ಅವರು ತಂದ ಪುಸ್ತಕದಲ್ಲಿ ಹದಿನಾಲ್ಕು ತಪ್ಪುಗಳಿದ್ದವು. ಅದರಲ್ಲಿ ಹನ್ನೊಂದು, ಬರೆಯುತ್ತಿದ್ದಾಗ ಯಾರೋ ಕರೆದು, ಎದ್ದು ಹೋಗಿ ಮರಳಿ ಕುಳಿತಾಗ ಆದವು. ಬೆಳಿಗ್ಗೆ ಕೌಂಟರು ತೆರೆಯುವ ಮುನ್ನ ಒಬ್ಬರೇ ಕುಳಿತು ಬರೆದ ಪುಟಗಳಲ್ಲಿ ಒಂದೂ ಇರಲಿಲ್ಲ.

ಅಲಕ್ಷ್ಯದಿಂದ ದುಡಿಯುವವನ ತಪ್ಪುಗಳು ಹೀಗೆ ಒಂದೆಡೆ ಗುಂಪಾಗುವುದಿಲ್ಲ. ಅವು ಎಲ್ಲ ಹೊತ್ತಿನಲ್ಲಿ, ಎಲ್ಲ ಕೆಲಸದಲ್ಲಿ ಹರಡಿರುತ್ತವೆ, ಮತ್ತು ಅವನಿಗೆ ಅದರ ಚಿಂತೆಯೂ ಇರುವುದಿಲ್ಲ. ಈ ತರುಣರಾದರೋ ಮನೆಗೆ ಹೋದ ಮೇಲೂ ತಪ್ಪು ನೆನೆದು ನಿದ್ದೆಗೆಡುತ್ತಿದ್ದರು. ಪಹಣಿಯಿಂದ ಅಂಕಿಯನ್ನು ಅರ್ಜಿಗೆ ಒಯ್ಯುವಾಗ ಅದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿರಬೇಕಾಗುತ್ತದೆ. ನಡುವೆ ಯಾರಾದರೂ ಕರೆದರೆ ನಮ್ಮ ನಿಮ್ಮಲ್ಲಿ ಆ ಎಳೆ ಬಹುಮಟ್ಟಿಗೆ ಉಳಿಯುತ್ತದೆ, ಇವರಲ್ಲಿ ಜಾರಿಬಿಡುತ್ತದೆ. ಜಾರಿತೆಂಬುದೂ ಅವರಿಗೆ ತಿಳಿಯದೆಂಬುದು ಇನ್ನೂ ಮುಖ್ಯ. ಮರಳಿ ಕುಳಿತಾಗ ಕಣ್ಣು ಮುಂದಿನ ಖಾನೆಯ ಮೇಲೆ ಬೀಳುತ್ತದೆ, ಕೈ ಅಲ್ಲಿಂದ ಮುಂದುವರಿಯುತ್ತದೆ, ಗುಂಟೆಯ ಖಾನೆ ಖಾಲಿ ಉಳಿಯುತ್ತದೆ.

ಚರಕ ಸಂಹಿತೆಯ ಶಾರೀರಸ್ಥಾನ ಧೀ, ಧೃತಿ, ಸ್ಮೃತಿ ಎಂದು ಮೂರನ್ನು ಬೇರ್ಪಡಿಸಿ ಹೇಳುತ್ತದೆ. ತಿಳಿವು ಧೀ, ಮನಸ್ಸನ್ನು ಅದರ ವಿಷಯದಲ್ಲಿ ಕಟ್ಟಿನಿಲ್ಲಿಸುವುದು ಧೃತಿ. ತಿಳಿವು ನೆಟ್ಟಗಿದ್ದೂ ಧೃತಿ ಸಡಿಲವಾಗಿರಬಹುದೆಂಬ ಈ ವಿಂಗಡಣೆ ಇಂದಿನ ಕಚೇರಿಗೂ ಸಲ್ಲುತ್ತದೆ. ಆದರೆ ಇಂದು ಎ.ಡಿ.ಎಚ್.ಡಿ. ಎಂದು ಕರೆಯುವ ಸ್ಥಿತಿಯೇ ಅದೇ ಹೆಸರಿನ ರೋಗವಾಗಿ ನಮ್ಮ ಗ್ರಂಥಗಳಲ್ಲಿದೆ ಎಂದು ಸಾಧಿಸಲು ನಾನು ಹೋಗುವುದಿಲ್ಲ.

ಎಲ್ಲ ಮರೆವೂ ಈ ಸ್ಥಿತಿಯಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಒಂದಕ್ಕಿಂತ ಹೆಚ್ಚು ಕಡೆ, ಎಂದರೆ ಮನೆಯಲ್ಲೂ ಶಾಲೆಯಲ್ಲೂ ಅಥವಾ ಕೆಲಸದಲ್ಲೂ, ಕಾಣುತ್ತಿರಬೇಕು. ಈ ತರುಣರ ತಾಯಿಯವರು ಹಳೆಯ ಪ್ರಗತಿ ಪತ್ರಗಳನ್ನು ತಂದರು. ಜಾಣ, ಆದರೆ ಗಮನವಿಲ್ಲ ಎಂಬ ಅರ್ಥದ ಮಾತು ಮೂರು ತರಗತಿಗಳಲ್ಲಿ ಇತ್ತು. ನಲವತ್ತರವರೆಗೆ ಸರಿಯಾಗಿದ್ದು ಈಚೆಗೆ ಗಮನ ಕೆಟ್ಟಿದ್ದರೆ ಬೇರೆ ಕಾರಣ ಹುಡುಕಬೇಕು: ನಿದ್ರಾಹೀನತೆ, ಥೈರಾಯ್ಡ್ ಕೊರತೆ, ರಕ್ತಹೀನತೆ, ಖಿನ್ನತೆ, ಮದ್ಯ. ಚಾಳೀಸು ಬಂದು ಕನ್ನಡಕ ಬೇಕಾದದ್ದನ್ನು ಗಮನದ ದೋಷವೆಂದು ತಿಳಿದವರನ್ನೂ ಕಂಡಿದ್ದೇನೆ. ಈ ತರುಣರ ರಕ್ತಪರೀಕ್ಷೆ ಸರಿಯಾಗಿದ್ದುದರಿಂದ ಅವರನ್ನು ಹಾಸನದ ಮನೋವೈದ್ಯರ ಬಳಿಗೆ ಕಳುಹಿಸಿದೆ, ನಿರ್ಣಯ ಅವರದು. ದೂರ ಹೋಗಲಾರದವರು ಮೊದಲ ಸಲಹೆಗೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬ್ರಾಹ್ಮಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಗದ್ದೆ ಬದುವಿನ ಒಂದೆಲಗವನ್ನೇ ಬ್ರಾಹ್ಮಿ ಎನ್ನುವುದುಂಟು. ಶಾಸ್ತ್ರದಲ್ಲಿ ಅದು ಮಂಡೂಕಪರ್ಣಿ, ನೀರುಬ್ರಾಹ್ಮಿ ಬೇರೆ ಗಿಡ. ಎರಡೂ ಮೇಧ್ಯವೆಂದು ಹೆಸರಾದವೇ. ನಾನೂ ಕೊಡುತ್ತೇನೆ, ಸಹಾಯಕವಾಗಿ ಮಾತ್ರ. ಅಲೋಪಥಿಯ ಮೀಥೈಲ್‌ಫೆನಿಡೇಟ್, ಆಟೊಮಾಕ್ಸೆಟಿನ್ ಔಷಧಗಳು ಹಲವರಿಗೆ ಸ್ಪಷ್ಟ ಉಪಕಾರ ಮಾಡುತ್ತವೆ. ಅವನ್ನು ಮನೋವೈದ್ಯರೇ ಬರೆಯಬೇಕು, ಹಸಿವು, ನಿದ್ರೆ, ನಾಡಿ, ರಕ್ತದೊತ್ತಡಗಳನ್ನು ಗಮನಿಸುತ್ತಿರಬೇಕು. ಜಾಹೀರಾತಿನ ಮೆದುಳಿನ ಟಾನಿಕ್ಕಿಗಾಗಿ ಅವುಗಳನ್ನು ಬಿಡಿಸುವ ವೈದ್ಯರು ರೋಗಿಗೆ ದ್ರೋಹ ಮಾಡುತ್ತಾರೆ.

ಔಷಧ ಯಾವುದಿದ್ದರೂ ನೋಟಿಸಿಗೆ ಉತ್ತರ ಕೊಡಲೇಬೇಕಿತ್ತು. ತರುಣರು ಮೊದಲು ಬರೆದ ಕರಡಿನಲ್ಲಿ ಮೂರು ಕಡೆ ಕ್ಷಮೆ, ಎರಡು ಕಡೆ ರೋಗದ ಹೆಸರು, ಕೊನೆಗೆ ಇನ್ನು ಮುಂದೆ ಎಚ್ಚರದಿಂದಿರುತ್ತೇನೆಂಬ ವಾಗ್ದಾನ ಇದ್ದವು. ಆ ವಾಗ್ದಾನವನ್ನು ತೆಗೆಸಿದೆ. ಎಚ್ಚರವೇ ಯಾರಿಗೆ ಜಾರುವುದೋ ಅವರು ಎಚ್ಚರದ ಮಾತು ಕೊಟ್ಟರೆ, ಮುಂದಿನ ತಪ್ಪು ಅಲಕ್ಷ್ಯದ ಜೊತೆಗೆ ಸುಳ್ಳೂ ಆಗುತ್ತದೆ. ರೋಗದ ಹೆಸರನ್ನು ಹೇಳುವುದೂ ಬಿಡುವುದೂ ಅವರ ಇಷ್ಟ. ಆದರೆ ಮಾತು ಅದರಿಂದ ಆರಂಭವಾದರೆ ಕೇಳುವವರು ಕೆಲಸವನ್ನು ಬಿಟ್ಟು ರೋಗವನ್ನೇ ವಿಚಾರಿಸತೊಡಗುತ್ತಾರೆ. ಕೊನೆಗೆ ಅವರು ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳಿದ್ದು ಸುಮಾರಾಗಿ ಹೀಗೆ:

“ಸಾರ್, ಹದಿನೈದು ದಿನದ ನನ್ನ ತಪ್ಪುಗಳನ್ನು ನಾನೇ ಬರೆದಿಟ್ಟಿದ್ದೇನೆ. ಹೆಚ್ಚಿನವು ಬರೆಯುವಾಗ ನಡುವೆ ಎದ್ದಾಗ ಆಗಿವೆ. ಅರ್ಜಿ ತುಂಬುವ ಕೆಲಸವನ್ನು ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು ಮಾಡುತ್ತೇನೆ. ನೀವು ಬಾಯಲ್ಲಿ ಹೇಳುವ ಕೆಲಸವನ್ನು ಒಂದು ಚೀಟಿಯಲ್ಲಿ ಕೊಟ್ಟರೆ ಮರೆಯುವುದಿಲ್ಲ. ಬರೆಯುತ್ತಿರುವಾಗ ಅರ್ಧ ಗಂಟೆ ಕೌಂಟರನ್ನು ಬೇರೆಯವರು ನೋಡಿಕೊಂಡರೆ ಸಾಕು.”

ಕಾರ್ಯದರ್ಶಿಗಳು ಮೊದಲ ಎರಡಕ್ಕೆ ಒಪ್ಪಿದರು, ಮೂರನೆಯದಕ್ಕೆ ಒಪ್ಪಲಿಲ್ಲ. ಇರುವವರೇ ಮೂವರು, ಬಸ್ಸು ಹಿಡಿದು ಬಂದ ರೈತರನ್ನು ಕಾಯಿಸಲಾಗದು ಎಂದರು. ಅದು ನ್ಯಾಯವಾದ ಮಾತೇ. ಅದಕ್ಕೆ ಬದಲಾಗಿ ಒಂದು ಪದ್ಧತಿ ಮಾಡಿಕೊಂಡರು: ಯಾರು ಕರೆದರೂ ಏಳುವ ಮೊದಲು ಬರೆಯುತ್ತಿದ್ದ ಸಾಲಿನ ಕೆಳಗೆ ರೂಲರು ಇಟ್ಟು, ಖಾಲಿ ಖಾನೆಯಲ್ಲಿ ಪೆನ್ಸಿಲಿನಿಂದ ಚುಕ್ಕೆ ಹಾಕುವುದು, ಸಂಜೆ ಚುಕ್ಕೆ ಉಳಿದ ಅರ್ಜಿಗಳನ್ನು ಜೊತೆಯ ಗುಮಾಸ್ತರು ಒಮ್ಮೆ ನೋಡುವುದು. ಎರಡು ತಿಂಗಳ ನಂತರ ಗುಂಟೆ ಬಿಟ್ಟ ಅರ್ಜಿಗಳು ನಿಂತಿದ್ದವು. ಬೀಗದ ಕೈ ಕಳೆಯುವುದು ನಿಂತಿರಲಿಲ್ಲ. ಅದಕ್ಕೆ ಗೋಡೆಯ ಮೊಳೆಯೇ ಗತಿಯಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ ಅಲ್ಲಿದೆ, ಕಲಿಕಾ ನ್ಯೂನತೆ ಅಲ್ಲಿದೆ. ಈ ಸ್ಥಿತಿಗೆ ಪ್ರತ್ಯೇಕ ಹೆಸರಿಲ್ಲ. ಆದ್ದರಿಂದ ಇಂತಹ ನೌಕರರಿಗೆ ಸದ್ಯಕ್ಕೆ ಪ್ರಮಾಣಪತ್ರಕ್ಕಿಂತ ಮೇಲಧಿಕಾರಿಯೊಡನೆ ಆಡುವ ಮಾತೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಬ್ಬರಿಗೆ ಚೀಟಿ ಕೊಟ್ಟರೆ ಉಳಿದವರೂ ಕೇಳುತ್ತಾರಲ್ಲ ಎಂದು ಕಾರ್ಯದರ್ಶಿಗಳು ಒಮ್ಮೆ ನನ್ನಲ್ಲಿ ಅಂದರು. ಕೇಳಿದರೆ ಕೊಡಿ, ಒಂದು ಚೀಟಿಗೆ ಎಷ್ಟು ಖರ್ಚು ಎಂದೆ. ಹಾಗೆಂದು ಎಲ್ಲ ಕೆಲಸವೂ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಜನರು ಸಾಲುಗಟ್ಟಿ ನಿಂತಿರುವ ನಗದು ಕೌಂಟರಿನಲ್ಲಿ ಈ ತರುಣರನ್ನು ಕೂರಿಸಬಾರದೆಂದೇ ನನ್ನ ಅಭಿಪ್ರಾಯ. ಅವರೂ ಅದನ್ನು ಕೇಳಿಲ್ಲ.